ತನ್ನ ಕಾವಿಗೆ ತಾನೇ ಹೊತ್ತಿಕೊಳ್ಳುವ ರಾಶಿ

ಕಿಡಿ ತಾಗದೆ, ಸಿಡಿಲು ಬಡಿಯದೆ, ಯಾರೂ ಕಡ್ಡಿ ಗೀರದೆ ಒಂದು ರಾಶಿ ತನ್ನೊಳಗಿನ ಕಾವಿನಿಂದಲೇ ಹೊತ್ತಿಕೊಳ್ಳುವುದಕ್ಕೆ ಸ್ವಯಂದಹನ ಎಂದು ಹೆಸರು. ಕಲ್ಲಿದ್ದಲಿನ ರಾಶಿ ಮತ್ತು ಸರಿಯಾಗಿ ಒಣಗದ ಹುಲ್ಲಿನ ಮೆದೆ ಇದಕ್ಕೆ ಬಲು ಹಳೆಯ ಉದಾಹರಣೆಗಳು. ಕಲ್ಲಿದ್ದಲು ಕೋಟ್ಯಂತರ ವರ್ಷ ನೆಲದಡಿ ಇದ್ದು ಬಂದದ್ದು, ಹುಲ್ಲು ಮೊನ್ನೆ ಕೊಯ್ದದ್ದು. ಆದರೂ ಎರಡೂ ಸುಟ್ಟುಹೋಗುವ ಲೆಕ್ಕ ಒಂದೇ. ಒಳಗೆ ಹುಟ್ಟುವ ಶಾಖ ಹೊರಗೆ ಹೋಗುವ ಶಾಖಕ್ಕಿಂತ ಹೆಚ್ಚಾದಾಗ ರಾಶಿ ಬಿಸಿಯಾಗುತ್ತದೆ. ಬಿಸಿಯಾದಷ್ಟೂ ಶಾಖ ಇನ್ನಷ್ಟು ಬೇಗ ಹುಟ್ಟುತ್ತದೆ.

ಇದು ರೈತರಿಗೆ ಬಹಳ ಹಿಂದೆಯೇ ಗೊತ್ತಿದ್ದ ವಿಚಾರ. ಒಂದನೆಯ ಶತಮಾನದ ರೋಮನ್ ಕೃಷಿ ಲೇಖಕ ಕೊಲುಮೆಲ್ಲಾ, ಹುಲ್ಲನ್ನು ಪೂರ್ತಿ ಒಣಗಿಸಿಯೂ ಇಡಬಾರದು, ಹಸಿಯಾಗಿಯೂ ಒಟ್ಟಬಾರದು ಎಂದು ಬರೆದ. ಒಣಗಿ ಗರಿಗರಿಯಾದರೆ ಸತ್ವ ಹೋಗುತ್ತದೆ; ರಸ ಉಳಿದಿದ್ದರೆ ಮೆದೆ ಕಾದು ಬೆಂಕಿ ಹುಟ್ಟುತ್ತದೆ ಎನ್ನುವುದು ಅವನ ಎಚ್ಚರಿಕೆ. ಆ ಬೆಂಕಿ ಎಲ್ಲಿಂದ ಬರುತ್ತದೆ ಎಂಬುದು ತಿಳಿಯಲು ಮಾತ್ರ ಇಪ್ಪತ್ತನೆಯ ಶತಮಾನದವರೆಗೆ ಕಾಯಬೇಕಾಯಿತು.

ಕಲ್ಲಿದ್ದಲಿನ ಒಂದು ಹೆಂಟೆಯನ್ನು ಅಂಗೈಯಲ್ಲಿ ಹಿಡಿದರೆ ತಣ್ಣಗಿರುತ್ತದೆ. ಆದರೆ ಅದು ಸುಮ್ಮನಿಲ್ಲ. ಗಣಿಯಿಂದ ಹೊರಬಂದು ಗಾಳಿ ತಾಗಿದ ಕ್ಷಣದಿಂದ ಅದರ ಮೈ ಆಮ್ಲಜನಕವನ್ನು ಹೀರಿಕೊಳ್ಳತೊಡಗುತ್ತದೆ. ಇದು ಕಬ್ಬಿಣ ತುಕ್ಕು ಹಿಡಿಯುವಂಥದೇ ನಿಧಾನ ಕ್ರಿಯೆ, ಅದರಲ್ಲೂ ಶಾಖ ಬಿಡುಗಡೆಯಾಗುತ್ತದೆ. ಒಂದು ಘನ ಮೀಟರ್ ಗಾಳಿಯಲ್ಲಿರುವ ಆಮ್ಲಜನಕವೆಲ್ಲ ಕಲ್ಲಿದ್ದಲಿನೊಂದಿಗೆ ಕೂಡಿದರೆ, ಬರುವ ಶಾಖ ಒಂದು ಟನ್ ಕಲ್ಲಿದ್ದಲನ್ನು ಹೆಚ್ಚುಕಡಿಮೆ 2 ಡಿಗ್ರಿ ಬಿಸಿ ಮಾಡಬಲ್ಲದು. ಅಂದರೆ ಶಾಖವೆಲ್ಲ ಒಳಗೇ ಉಳಿಯುವುದಾದರೆ, ಒಂದು ಟನ್ನಿಗೆ 25 ಘನ ಮೀಟರ್ ಗಾಳಿ ಸಿಕ್ಕರೆ ಸಾಕು, 30 ಡಿಗ್ರಿಯಲ್ಲಿದ್ದ ಕಲ್ಲಿದ್ದಲು 80 ಡಿಗ್ರಿ ಮುಟ್ಟುತ್ತದೆ. ಒಂದು ಸಣ್ಣ ಕೋಣೆಯಲ್ಲಿರುವಷ್ಟು ಗಾಳಿ ಅದು.

ಶಾಖ ಒಳಗೇ ಉಳಿಯುತ್ತದೆಯೇ ಎಂಬುದೇ ಇಲ್ಲಿನ ಮುಖ್ಯ ಪ್ರಶ್ನೆ. ಅಂಗೈ ಮೇಲಿನ ಹೆಂಟೆಯಲ್ಲಿ ಉಳಿಯುವುದಿಲ್ಲ. ಹುಟ್ಟಿದ್ದು ಹುಟ್ಟಿದಂತೆ ಗಾಳಿಗೆ ಹೋಗುತ್ತದೆ. ರಾಶಿಯಲ್ಲಿ ಹಾಗಾಗದು. ಕಲ್ಲಿದ್ದಲು ಶಾಖವನ್ನು ಸುಲಭಕ್ಕೆ ಸಾಗಿಸದು, ಹುಲ್ಲಂತೂ ಇನ್ನೂ ಜಿಪುಣ. ಕಲ್ಲಿದ್ದಲಿನಲ್ಲಿ 10 ಸೆಂಟಿಮೀಟರ್ ಆಳದ ಬಿಸಿ ವಹನದಿಂದ ಹೊರಗೆ ಬರಲು ಸುಮಾರು ಒಂದು ದಿನ ಬೇಕು. ಆಳ ಹತ್ತು ಪಟ್ಟಾದರೆ ಹತ್ತು ದಿನ ಸಾಕು ಎನಿಸಬಹುದು. ಆದರೆ ಈ ಸಮಯ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ಒಂದು ಮೀಟರ್ ಆಳಕ್ಕೆ ನೂರಕ್ಕೂ ಹೆಚ್ಚು ದಿನ, ಮೂರು ಮೀಟರ್ ಆಳಕ್ಕೆ ಹತ್ತಿರಹತ್ತಿರ ಮೂರು ವರ್ಷ. ದೊಡ್ಡ ರಾಶಿಯ ಒಡಲಿನಲ್ಲಿ ಹುಟ್ಟಿದ ಶಾಖಕ್ಕೆ ಹೊರದಾರಿ ಇಲ್ಲವೆಂದೇ ಹೇಳಬೇಕು.

ಇದಕ್ಕೆ ಇನ್ನೊಂದು ಅಂಶ ಸೇರುತ್ತದೆ. ಇಂಥ ಕ್ರಿಯೆಗಳ ವೇಗ ಪ್ರತಿ 10 ಡಿಗ್ರಿಗೆ ಸುಮಾರು ಎರಡರಷ್ಟಾಗುತ್ತದೆ. ಹೊರಗೆ 30 ಡಿಗ್ರಿ ಇದೆ ಎಂದಿಟ್ಟುಕೊಳ್ಳೋಣ. ರಾಶಿಯ ಒಳಗು 40ರಿಂದ 70 ಡಿಗ್ರಿಗೆ ಏರಿದರೆ, ಹೊರಗಿನೊಂದಿಗಿನ ಅಂತರ 10ರಿಂದ 40 ಡಿಗ್ರಿಯಾಗಿ, ಹೊರಹೋಗುವ ಶಾಖ ನಾಲ್ಕು ಪಟ್ಟಾಗುತ್ತದೆ. ಅಷ್ಟರಲ್ಲಿ ಹುಟ್ಟುವ ಶಾಖ ಎಂಟು ಪಟ್ಟಾಗಿರುತ್ತದೆ. ಆದಾಯ ಕೂಡುತ್ತಾ, ಖರ್ಚು ಗುಣಿಸುತ್ತಾ ಹೋದರೆ ಮನೆ ಮುಳುಗುವಂತೆ, ಒಂದು ಹಂತ ದಾಟಿದ ಮೇಲೆ ರಾಶಿ ಮತ್ತೆ ತಣ್ಣಗಾಗಲಾರದು. ಈ ಹಂತವನ್ನು ಮೊದಲು ಗಣಿತಕ್ಕೆ ತಂದವರು ಸೋವಿಯತ್ ವಿಜ್ಞಾನಿಗಳು. 1920ರ ದಶಕದ ಕೊನೆಯಲ್ಲಿ ನಿಕೊಲಾಯ್ ಸೆಮ್ಯೊನೊವ್, ಮುಂದಿನ ದಶಕದಲ್ಲಿ ಡೇವಿಡ್ ಫ್ರಾಂಕ್-ಕಮೆನೆಟ್ಸ್ಕಿ ಇದರ ಸಿದ್ಧಾಂತ ಕಟ್ಟಿದರು. ಯಾವುದೇ ವಸ್ತುವಿಗೆ ಸುತ್ತಲಿನ ಉಷ್ಣತೆಗೆ ತಕ್ಕಂತೆ ಒಂದು ಮಿತಿ ಗಾತ್ರವಿದೆ. ಅದಕ್ಕಿಂತ ಚಿಕ್ಕ ರಾಶಿ ಉಗುರುಬೆಚ್ಚಗಾಗಿ ಅಲ್ಲೇ ನಿಲ್ಲುತ್ತದೆ, ದೊಡ್ಡದು ಕೊನೆಗೆ ಹೊತ್ತಿಕೊಳ್ಳುತ್ತದೆ. ಒಂದು ಬುಟ್ಟಿ ಹುಲ್ಲು ಎಂದಿಗೂ ತಾನಾಗಿ ಉರಿಯದಿರುವುದು, ಒಂದು ಕೊಟ್ಟಿಗೆ ತುಂಬ ಹುಲ್ಲು ಉರಿಯುವುದು ಈ ಕಾರಣಕ್ಕೆ.

ಹುಲ್ಲಿನ ಮೆದೆಯಲ್ಲಿ ನಡೆಯುವುದನ್ನು ದಿನದ ಲೆಕ್ಕದಲ್ಲಿ ನೋಡಬಹುದು. ಇಲ್ಲಿ ಹುಲ್ಲು ಎಂದರೆ ಯೂರೋಪು, ಅಮೆರಿಕ, ನ್ಯೂಜಿಲೆಂಡುಗಳ ರೈತರು ಚಳಿಗಾಲಕ್ಕೆಂದು ಬೇಸಿಗೆಯಲ್ಲಿ ಎಳೆಯದಾಗಿ ಕೊಯ್ದು ಒಣಗಿಸಿ ಕೂಡಿಡುವ ಮೇವು. ಎಲೆ ಹೆಚ್ಚು, ಸಕ್ಕರೆ ಹೆಚ್ಚು. ಕೊಯ್ದಾಗ ಅದರ ತೂಕದ ಮುಕ್ಕಾಲು ಪಾಲು ನೀರು. ಬಿಸಿಲಲ್ಲಿ ಹರಡಿ, ತಿರುವಿ, ನೀರಿನ ಅಂಶ ಶೇ 15ರಿಂದ 18ಕ್ಕೆ ಇಳಿದ ಮೇಲೆ ಒಟ್ಟಿದರೆ ಚಿಂತೆಯಿಲ್ಲ. ಮೋಡ ಕವಿಯಿತೆಂದು ಆತುರಪಟ್ಟು ಶೇ 25ರಲ್ಲೋ 30ರಲ್ಲೋ ಒಟ್ಟಿದಾಗ ಕತೆ ಶುರುವಾಗುತ್ತದೆ.

ಮೊದಲ ಎರಡು ಮೂರು ದಿನ ಕೊಯ್ದ ಹುಲ್ಲು ಇನ್ನೂ ಉಸಿರಾಡುತ್ತಿರುತ್ತದೆ. ಅದರ ಜೀವಕೋಶಗಳು ಸಕ್ಕರೆಯನ್ನು ಕರಗಿಸಿ ಶಾಖ, ನೀರು ಬಿಡುತ್ತವೆ. ಬೆನ್ನಿಗೇ ಬ್ಯಾಕ್ಟೀರಿಯಾ, ಶಿಲೀಂಧ್ರಗಳು ಸೇರಿಕೊಳ್ಳುತ್ತವೆ. ಮೆದೆ 40, 50 ಡಿಗ್ರಿ ಮುಟ್ಟಿ ಬೆವರುತ್ತದೆ. ಇಷ್ಟು ಕಾವು ಬಹುತೇಕ ಎಲ್ಲ ಮೆದೆಗಳಿಗೂ ಬರುತ್ತದೆ. ಸಾಧಾರಣವಾಗಿ ಇಲ್ಲಿಂದ ಇಳಿದುಬಿಡುತ್ತದೆ. ತೇವ ಹೆಚ್ಚಿದ್ದರೆ ಮಾತ್ರ ಸಾಮಾನ್ಯ ಸೂಕ್ಷ್ಮಜೀವಿಗಳು ಸತ್ತ ಮೇಲೂ ಬಿಸಿಯಲ್ಲೇ ಬಾಳುವ ಇನ್ನೊಂದು ಗುಂಪು ಕೆಲಸ ಹಿಡಿದು, 70 ಡಿಗ್ರಿಯ ಸುತ್ತಮುತ್ತಲಿಗೆ ಒಯ್ಯುತ್ತದೆ. ನಮ್ಮ ಹಳ್ಳಿಯ ತಿಪ್ಪೆಯನ್ನು ಚಳಿಗಾಲದ ಮುಂಜಾನೆ ಕೆದಕಿದರೆ ಹಬೆ ಏಳುವುದೂ ಇಂಥ ಜೀವಿಗಳಿಂದಲೇ. ಜರ್ಮನಿಯ ಸಸ್ಯವಿಜ್ಞಾನಿ ಹ್ಯೂಗೋ ಮೀಹೆ 1907ರಲ್ಲಿ ಹುಲ್ಲಿನ ಕಾವಿನ ಬಗ್ಗೆಯೇ ಒಂದು ಪುಸ್ತಕ ಪ್ರಕಟಿಸಿದ. ಅವನ ಪ್ರಯೋಗಗಳಲ್ಲಿ ಕ್ರಿಮಿಶುದ್ಧ ಮಾಡಿದ ಹುಲ್ಲು ಒದ್ದೆಯಿದ್ದರೂ ಕಾಯಲಿಲ್ಲ. ಅದಕ್ಕೆ ಮತ್ತೆ ಸೂಕ್ಷ್ಮಜೀವಿಗಳನ್ನು ಬೆರೆಸಿದಾಗ ಕಾಯಿತು.

ಆದರೆ ಯಾವ ಜೀವಿಯೂ ಹುಲ್ಲಿಗೆ ಬೆಂಕಿ ಹಚ್ಚಲಾರದು. 75 ಡಿಗ್ರಿಯ ಹೊತ್ತಿಗೆ ಅವೆಲ್ಲ ತಾವೇ ಎಬ್ಬಿಸಿದ ಬಿಸಿಯಲ್ಲಿ ಬೆಂದು ಸಾಯುತ್ತವೆ. ಹುಲ್ಲು ಹೊತ್ತಿಕೊಳ್ಳಲು 200 ಡಿಗ್ರಿಗೂ ಹೆಚ್ಚು ಬೇಕು. ಮಧ್ಯದ ಈ ದೊಡ್ಡ ಕಂದಕವನ್ನು ದಾಟಿಸುವುದು ರಸಾಯನ ಕ್ರಿಯೆ. 70 ಡಿಗ್ರಿ ಸುಮಾರಿಗೆ ಹುಲ್ಲಿನ ಸಕ್ಕರೆ ಮತ್ತು ಪ್ರೋಟೀನುಗಳು ಒಂದರೊಡನೊಂದು ವರ್ತಿಸಿ ಕಂದಾಗುತ್ತವೆ; ಕಾವಲಿಯ ಮೇಲೆ ರೊಟ್ಟಿ ಕೆಂಪಗಾಗುವುದೂ ಇದೇ ಕ್ರಿಯೆ. ಅದರಿಂದಲೂ ಶಾಖ ಹುಟ್ಟುತ್ತದೆ. ಮುಂದಕ್ಕೆ ಆಮ್ಲಜನಕ ನೇರವಾಗಿ ಹುಲ್ಲನ್ನು ಸುಡತೊಡಗುತ್ತದೆ. ಜೀವಿಗಳು ಏಣಿಯ ಮೊದಲ ಮೆಟ್ಟಿಲು ಹತ್ತಿಸಿ ಸತ್ತವು, ಉಳಿದ ಮೆಟ್ಟಿಲುಗಳನ್ನು ರಸಾಯನ ಹತ್ತಿತು. ಒಟ್ಟಿದ ಎರಡರಿಂದ ಆರು ವಾರದೊಳಗೆ ಬೆಂಕಿ ಕಾಣಿಸಿಕೊಳ್ಳುವುದು ಹೆಚ್ಚು.

ಈ ಎರಡನೆಯ ಏರಿಕೆಯನ್ನು ಮೂಗು ಮೊದಲು ಹಿಡಿಯುತ್ತದೆ. ಆರಂಭದ ಮುಗ್ಗಲು ವಾಸನೆ ಹೋಗಿ, ಬೆಲ್ಲದ ಪಾಕ ಸೀದಂಥ, ಹೊಗೆಸೊಪ್ಪಿನಂಥ ವಾಸನೆ ಬರುತ್ತದೆ. ಆದರೆ ಮೂಗನ್ನೇ ನಂಬಿ ಕೂರುವುದು ತಪ್ಪು, ಏಕೆಂದರೆ ವಾಸನೆ ಹೊರಗೆ ಬರುವಷ್ಟರಲ್ಲಿ ಒಳಗೆ ಕೆಲಸ ಮುಂದುವರಿದಿರುತ್ತದೆ. ಅಳೆದೇ ನೋಡಬೇಕು. ಅಮೆರಿಕದ ರೈತರು ಇದಕ್ಕೆ ಮೂರು ಮೀಟರ್ ಉದ್ದದ ಕಬ್ಬಿಣದ ಕೊಳವೆ ಬಳಸುತ್ತಾರೆ. ತುದಿಯನ್ನು ಚೂಪು ಮಾಡಿ, ಕೆಳಭಾಗದಲ್ಲಿ ಕೆಲವು ತೂತು ಕೊರೆದಿರುತ್ತಾರೆ. ಅದನ್ನು ಮೆದೆಯ ಒಡಲಿಗೆ ಇಳಿಸಿ, ದಾರಕ್ಕೆ ಕಟ್ಟಿದ ಥರ್ಮಾಮೀಟರನ್ನು ಒಳಗೆ ಬಿಟ್ಟು ಹತ್ತು ಹದಿನೈದು ನಿಮಿಷ ಕಾಯುತ್ತಾರೆ. 65 ಡಿಗ್ರಿ ತೋರಿಸಿದರೆ ದಿನವೂ ಅಳೆಯಬೇಕು. 70 ದಾಟಿದರೆ ನಾಲ್ಕು ಗಂಟೆಗೊಮ್ಮೆ. 80ರ ಹತ್ತಿರ ಬಂದರೆ ಅಗ್ನಿಶಾಮಕ ದಳ ಬರುವವರೆಗೆ ಮೆದೆಯನ್ನು ಮುಟ್ಟುವಂತಿಲ್ಲ. ಥರ್ಮಾಮೀಟರ್ ಇಲ್ಲದವರು ಬರಿಯ ಕಬ್ಬಿಣದ ಸಲಾಕೆ ಚುಚ್ಚಿ, ಇಪ್ಪತ್ತು ನಿಮಿಷ ಬಿಟ್ಟು ಎಳೆದು ಮುಟ್ಟಿ ನೋಡುವುದೂ ಉಂಟು. ಕೈಯಲ್ಲಿ ಹಿಡಿಯಲಾಗದಷ್ಟು ಸುಟ್ಟರೆ ಅಪಾಯ ಬಂದಿದೆ ಎಂದೇ ಅರ್ಥ. ಜರ್ಮನಿ, ಸ್ವಿಟ್ಜರ್ಲೆಂಡುಗಳ ಕೆಲವು ಅಗ್ನಿಶಾಮಕ ದಳಗಳಲ್ಲಂತೂ ಮೆದೆಗೆ ಚುಚ್ಚಿ ಬಿಸಿ ಗಾಳಿಯನ್ನು ಹೀರಿ ತೆಗೆಯುವ ಸಲಕರಣೆಗಳೇ ಇವೆ.

ಮುಟ್ಟುವಂತಿಲ್ಲ ಎನ್ನುವುದಕ್ಕೆ ಬಲವಾದ ಕಾರಣವಿದೆ. ಒಳಗೆ ಕರಿಕಾದ ಹುಲ್ಲಿಗೆ ಕೊರತೆಯಿರುವುದು ಆಮ್ಲಜನಕ ಮಾತ್ರ. ಮೆದೆ ಬಿಚ್ಚಿದರೆ ಗಾಳಿ ನುಗ್ಗಿ, ಅಲ್ಲಿಯವರೆಗೆ ಹೊಗೆಯೂ ಆಡದಿದ್ದ ರಾಶಿ ಕಣ್ಣೆದುರೇ ಧಗ್ಗನೆ ಏಳುತ್ತದೆ. ಇನ್ನೂ ಭೀಕರವಾದದ್ದು ಪೊಳ್ಳು. ಒಳಗೆ ಹುಲ್ಲು ಬೂದಿಯಾಗಿ ಗುಹೆ ಆಗಿರುತ್ತದೆ, ಮೇಲ್ಪದರ ಗಟ್ಟಿಯಾಗಿ ಕಾಣುತ್ತಿರುತ್ತದೆ. ನೋಡಲೆಂದು ಮೇಲೆ ಹತ್ತಿದವರು ಕುಸಿದು ಒಳಗೆ ಬೀಳುತ್ತಾರೆ. ಹತ್ತಲೇಬೇಕಾದರೆ ಉದ್ದನೆಯ ಹಲಗೆ ಹಾಕಿ, ಸೊಂಟಕ್ಕೆ ಹಗ್ಗ ಕಟ್ಟಿ, ಇನ್ನೊಬ್ಬರ ಕೈಗೆ ಅದರ ತುದಿ ಕೊಟ್ಟೇ ಹತ್ತಬೇಕು.

ಕಲ್ಲಿದ್ದಲಿಗೆ ಈ ಜೀವಿಗಳ ಸಹಾಯ ಬೇಕಿಲ್ಲ. ಅದು ಮೊದಲ ದಿನದಿಂದಲೇ ಆಮ್ಲಜನಕದ ಜೊತೆ ನೇರ ವ್ಯವಹಾರಕ್ಕಿಳಿಯುತ್ತದೆ. ಎಲ್ಲ ಕಲ್ಲಿದ್ದಲೂ ಒಂದೇ ಸ್ವಭಾವದ್ದಲ್ಲ. ಭೂಗರ್ಭದಲ್ಲಿ ಹೆಚ್ಚು ಕಾಲ ಬೆಂದು ಗಟ್ಟಿಯಾದ ಆಂಥ್ರಸೈಟ್ ಸುಲಭಕ್ಕೆ ಕಾಯುವುದಿಲ್ಲ. ಎಳೆಯ ಲಿಗ್ನೈಟ್, ಅದರ ಮೇಲಿನ ದರ್ಜೆಯ ಮೆದು ಕಲ್ಲಿದ್ದಲು ಬೇಗ ಕಾಯುತ್ತವೆ. ಇವು ರಂಧ್ರಮಯ, ಹಾಗಾಗಿ ಗಾಳಿ ತಾಗುವ ಒಳಮೈ ಹೆಚ್ಚು. ನಮ್ಮ ದೇಶದ ಗಣಿ ವಿಜ್ಞಾನಿಗಳು ಕಲ್ಲಿದ್ದಲಿನ ಈ ಗುಣವನ್ನು ಅಳೆಯಲು ಒಂದು ಸರಳ ಪರೀಕ್ಷೆ ಬಳಸುತ್ತಾರೆ. ಸುಮಾರು 20 ಗ್ರಾಂ ಪುಡಿಯನ್ನು ಗಾಜಿನ ಕೊಳವೆಯಲ್ಲಿಟ್ಟು, ಆಮ್ಲಜನಕ ಹರಿಸುತ್ತಾ, ಕುಲುಮೆಯನ್ನು ನಿಮಿಷಕ್ಕೆ ಒಂದು ಡಿಗ್ರಿಯಂತೆ ಬಿಸಿ ಮಾಡುತ್ತಾರೆ. ಮೊದಮೊದಲು ಪುಡಿ ಕುಲುಮೆಗಿಂತ ಹಿಂದೆ ಇರುತ್ತದೆ. ಒಂದು ಘಳಿಗೆಯಲ್ಲಿ ಪುಡಿಯ ಸ್ವಂತ ಶಾಖ ಕುಲುಮೆಯ ಶಾಖವನ್ನು ಹಿಂದೆ ಹಾಕುತ್ತದೆ. ಆ ದಾಟುವ ಉಷ್ಣತೆ 120ರಿಂದ 140 ಡಿಗ್ರಿಯಾದರೆ ಆ ಕಲ್ಲಿದ್ದಲು ಬಲು ಅಪಾಯದ್ದು. 160 ದಾಟಿದರೆ ಸಾಧು.

ರಾಶಿ ಹಾಕುವ ರೀತಿಯೂ ಇದರಷ್ಟೇ ಮುಖ್ಯ. ಕನ್ವೇಯರಿನಿಂದ ಎತ್ತರದಿಂದ ಸುರಿದ ಕಲ್ಲಿದ್ದಲು ಗೋಪುರದಾಕಾರಕ್ಕೆ ಏರುತ್ತದೆ. ದಪ್ಪ ಹೆಂಟೆಗಳು ಉರುಳುತ್ತಾ ಬುಡಕ್ಕೆ ಹೋಗುತ್ತವೆ, ಪುಡಿ ಮೇಲೂ ನಡುವೆಯೂ ನಿಲ್ಲುತ್ತದೆ. ಬುಡದ ಹೆಂಟೆಗಳ ಸಂದಿಯಲ್ಲಿ ಗಾಳಿ ಸಲೀಸಾಗಿ ಒಳಗೆ ಹೋಗಿ, ಪುಡಿಯನ್ನು ತಾಗಿ, ಬಿಸಿಯಾಗಿ ಮೇಲಕ್ಕೆ ಏರುತ್ತದೆ. ಏರಿದ ಜಾಗಕ್ಕೆ ಬುಡದಿಂದ ಹೊಸ ಗಾಳಿ ಬರುತ್ತದೆ. ಅಡುಗೆಮನೆಯ ಚಿಮಣಿ ಎಳೆಯುವಂತೆ ರಾಶಿ ತನ್ನ ಗಾಳಿಯನ್ನು ತಾನೇ ಎಳೆದುಕೊಳ್ಳತೊಡಗುತ್ತದೆ. ಹಾಗಾಗಿ ಬೆಂಕಿ ಸಾಮಾನ್ಯವಾಗಿ ಹುಟ್ಟುವುದು ರಾಶಿಯ ನಟ್ಟನಡುವೆಯಲ್ಲ, ಅಲ್ಲಿ ಗಾಳಿ ಸಾಲದು. ಹೊರಮೈಯಲ್ಲೂ ಅಲ್ಲ, ಅಲ್ಲಿ ಶಾಖ ನಿಲ್ಲದು. ಗಾಳಿ ಬೀಸುವ ಕಡೆಯ ಇಳಿಜಾರಿನಲ್ಲಿ, ಬುಡದ ಹತ್ತಿರ, ಮೈಯಿಂದ ಒಂದೆರಡು ಮೀಟರ್ ಒಳಗೆ ಇವೆರಡೂ ಕೂಡಿಬರುತ್ತವೆ. ಕೋಲ್ ಯಾರ್ಡಿನಲ್ಲಿ ತಪಾಸಣೆಗೆ ಹೋದವರು ಮೊದಲು ಸಲಾಕೆ ಚುಚ್ಚಬೇಕಾದ ಜಾಗ ಇದು.

ಇದರಲ್ಲಿ ನೀರಿನ ಪಾತ್ರ ಬಹಳ ಜನರನ್ನು ಗೊಂದಲಗೊಳಿಸುತ್ತದೆ. ಒಂದು ಟನ್ ಕಲ್ಲಿದ್ದಲಿನಲ್ಲಿ 100 ಕಿಲೋ ನೀರಿದ್ದರೆ, ಅದನ್ನು ಆವಿ ಮಾಡಲು ಬೇಕಾಗುವ ಶಾಖ ಅಷ್ಟೇ ಕಲ್ಲಿದ್ದಲನ್ನು ಹೆಚ್ಚುಕಡಿಮೆ 200 ಡಿಗ್ರಿ ಏರಿಸಬಲ್ಲಷ್ಟು. ಹಾಗಾಗಿ ತೇವ ಇರುವವರೆಗೆ ರಾಶಿ 80-90 ಡಿಗ್ರಿಯ ಆಸುಪಾಸಿನಲ್ಲಿ ತಡೆದು ನಿಲ್ಲುತ್ತದೆ. ಥರ್ಮಾಮೀಟರಿನ ಏರಿಕೆ ನಿಂತಿದ್ದು ಕಂಡು ಅಪಾಯ ಕಳೆಯಿತೆಂದು ನೆಮ್ಮದಿಪಡುವ ಹೊತ್ತು ಇದೇ, ಮತ್ತು ಅದು ತಪ್ಪು ನೆಮ್ಮದಿ. ಆ ಜಾಗ ಒಣಗಿದ ಮರುಘಳಿಗೆ ತಡೆ ತೆಗೆದಂತಾಗಿ ಉಷ್ಣತೆ ಓಡತೊಡಗುತ್ತದೆ. ಇನ್ನೊಂದು ಕಡೆ, ಒಣಗಿದ ಕಲ್ಲಿದ್ದಲಿಗೆ ಹಬೆಯೋ ತೇವವೋ ತಾಗಿದರೆ ಅದನ್ನು ಹೀರಿಕೊಳ್ಳುವಾಗ ಶಾಖ ಹೊರಬರುತ್ತದೆ. ಕಾದ ಜಾಗದಿಂದ ಎದ್ದ ಆವಿ ಮೇಲಿನ ತಣ್ಣನೆಯ ಪದರದಲ್ಲಿ ನೀರಾಗುವಾಗ ಆ ಪದರವನ್ನೂ ಬಿಸಿ ಮಾಡುತ್ತದೆ. ಬಿರುಬೇಸಿಗೆಯಲ್ಲಿ ಒಣಗಿದ ರಾಶಿಯ ಮೇಲೆ ಮೊದಲ ಮಳೆ ಬಿದ್ದ ನಂತರ, ಒಣ ಕಲ್ಲಿದ್ದಲ ಮೇಲೆ ಒದ್ದೆ ಕಲ್ಲಿದ್ದಲು ಸುರಿದ ನಂತರ ಯಾರ್ಡಿನವರು ಕಣ್ಣಲ್ಲಿ ಕಣ್ಣಿಟ್ಟು ಕಾಯಬೇಕಾಗುವುದು ಇದಕ್ಕೇ.

ಕರ್ನಾಟಕದಲ್ಲಿ ಕಲ್ಲಿದ್ದಲಿನ ಗಣಿಗಳಿಲ್ಲ, ಆದರೆ ರಾಶಿಗಳಿವೆ. ಕೃಷ್ಣಾ ತೀರದ ಶಕ್ತಿನಗರದಲ್ಲಿರುವ ರಾಯಚೂರು ಶಾಖೋತ್ಪನ್ನ ವಿದ್ಯುತ್ ಕೇಂದ್ರ, ಯರಮರಸ್, ಬಳ್ಳಾರಿಯ ಕುಡಿತಿನಿ ಕೇಂದ್ರಗಳು ಹೊರರಾಜ್ಯದ ಗಣಿಗಳಿಂದ ರೈಲಿನಲ್ಲಿ ಬರುವ ಕಲ್ಲಿದ್ದಲನ್ನು ಬಯಲಿನಲ್ಲೇ ಕೂಡಿಡಬೇಕು. ನವ ಮಂಗಳೂರು ಬಂದರಿಗೆ ಕಡಲ ದಾರಿಯಲ್ಲಿ ಬರುತ್ತದೆ. ಬೇಸಿಗೆಯಲ್ಲಿ ನೆರಳಿನಲ್ಲೇ 40 ಡಿಗ್ರಿ ದಾಟುವ ರಾಯಚೂರಿನಂಥ ಊರಿನಲ್ಲಿ ರಾಶಿಯ ಆರಂಭದ ಉಷ್ಣತೆಯೇ ಹೆಚ್ಚು ಎಂಬುದನ್ನು ಹಿಂದಿನ ಲೆಕ್ಕದ ಜೊತೆ ಇಟ್ಟು ನೋಡಬೇಕು.

ತಡೆಯುವ ಉಪಾಯದಲ್ಲಿ ಗುಟ್ಟೇನೂ ಇಲ್ಲ. ಗಾಳಿಯನ್ನು ಪೂರ್ತಿ ಹೊರಗಿಡಬೇಕು, ಇಲ್ಲವೇ ಶಾಖ ಹೊತ್ತೊಯ್ಯುವಷ್ಟು ಧಾರಾಳವಾಗಿ ಬಿಡಬೇಕು. ನಡುವಿನ ಅರೆಬರೆ ಗಾಳಿಯೇ ಕೇಡು. ಹೊರಗಿಡುವುದು ಸುಲಭ. ಕಲ್ಲಿದ್ದಲನ್ನು ತೆಳುವಾದ ಪದರವಾಗಿ ಹರಡಿ, ಡೋಜರ್ ಓಡಿಸಿ ತುಳಿದು ಗಟ್ಟಿ ಮಾಡಿ, ಅದರ ಮೇಲೆ ಮುಂದಿನ ಪದರ ಹಾಕುತ್ತಾರೆ. ಪಕ್ಕಗಳನ್ನು ಕಡಿದಾಗಿ ಬಿಡದೆ ಇಳಿಜಾರು ಮಾಡಿ ಅವನ್ನೂ ತುಳಿಸುತ್ತಾರೆ. ಮೊದಲು ಬಂದದ್ದನ್ನು ಮೊದಲು ಉರಿಸುತ್ತಾರೆ. ಈ ಕೊನೆಯ ನಿಯಮ ಮುರಿಯುವುದೇ ಹೆಚ್ಚು. ಹೊಸ ಕಲ್ಲಿದ್ದಲು ಕೈಗೆ ಹತ್ತಿರವಿದ್ದಾಗ ಮೂಲೆಯ ಹಳೆಯ ರಾಶಿ ತಿಂಗಳುಗಟ್ಟಲೆ ಹಾಗೇ ಕೂತುಬಿಡುತ್ತದೆ. ಮೇವಿನಲ್ಲಿ ಇದೇ ಉಪಾಯದ ರೂಪ ರಸಮೇವು: ಹಸಿ ಜೋಳದ ದಂಟನ್ನು ಕತ್ತರಿಸಿ, ತುಳಿದು, ಪ್ಲಾಸ್ಟಿಕ್ ಹೊದಿಸಿ ಗಾಳಿಯಾಡದಂತೆ ಮುಚ್ಚುವುದರಿಂದ, ಅಷ್ಟೊಂದು ನೀರಿದ್ದರೂ ಅದು ಹುಳಿಯುತ್ತದೆಯೇ ಹೊರತು ಉರಿಯುವುದಿಲ್ಲ.

ಕಾದ ರಾಶಿ ಸುಳಿವು ಕೊಡುತ್ತದೆ. ಮುಂಜಾನೆ ಒಂದು ಕಡೆ ಮಾತ್ರ ತೆಳು ಹಬೆ, ಮಳೆ ನಿಂತ ಮೇಲೆ ಒಂದು ತೇಪೆಯಷ್ಟು ಜಾಗ ಬೇಗ ಒಣಗುವುದು, ಸೀಮೆಎಣ್ಣೆಯನ್ನೋ ಡಾಂಬರನ್ನೋ ನೆನಪಿಸುವ ವಾಸನೆ. ಈಗ ಶಾಖ ತೋರಿಸುವ ಕ್ಯಾಮೆರಾಗಳಿವೆ, ಆದರೆ ಅವು ನೋಡುವುದು ಮೇಲ್ಮೈಯನ್ನು. ಇದೆಲ್ಲಕ್ಕೂ ಮೊದಲು, ಮುಚ್ಚಿದ ಜಾಗದಲ್ಲಾದರೆ, ಹೇಳಿಕೊಡುವುದು ಕಾರ್ಬನ್ ಮಾನಾಕ್ಸೈಡ್. ಅದಕ್ಕೆ ವಾಸನೆಯಿಲ್ಲ, ಉಪಕರಣವೇ ಹಿಡಿಯಬೇಕು. ಹಡಗಿನಲ್ಲಿ ಕಲ್ಲಿದ್ದಲು ಸಾಗಿಸುವವರು ಕಂಪಾರ್ಟ್‌ಮೆಂಟಿನ ಗಾಳಿಯಲ್ಲಿ ಇದರ ಪ್ರಮಾಣ ಏರುತ್ತಿದೆಯೇ ಎಂದು ನೋಡುತ್ತಾರೆ. 55 ಡಿಗ್ರಿಗಿಂತ ಬಿಸಿಯಾಗಿರುವ ಕಲ್ಲಿದ್ದಲನ್ನು ಹಡಗಿಗೆ ತುಂಬಕೂಡದೆಂಬುದು ಅಂತರರಾಷ್ಟ್ರೀಯ ನಿಯಮ. ಇಂಥ ನಿಯಮಗಳ ಹಿಂದೆ ಸುಟ್ಟ ಹಡಗುಗಳ ಉದ್ದದ ಸಾಲಿದೆ. 1898ರ ಫೆಬ್ರವರಿ 15ರ ರಾತ್ರಿ ಹವಾನಾ ಬಂದರಿನಲ್ಲಿ ಅಮೆರಿಕದ ಯುದ್ಧನೌಕೆ ಮೇನ್ ಸ್ಫೋಟಗೊಂಡು 260ಕ್ಕೂ ಹೆಚ್ಚು ಜನ ಸತ್ತರು. ಹೊರಗಿನ ಸಿಡಿಗುಂಡೇ ಕಾರಣವೆಂದು ಆಗ ನಂಬಿ ಅಮೆರಿಕ ಸ್ಪೇನಿನೊಂದಿಗೆ ಯುದ್ಧಕ್ಕೆ ಹೋಯಿತು. 1976ರಲ್ಲಿ ಅಡ್ಮಿರಲ್ ಹೈಮನ್ ರಿಕೋವರ್ ತಜ್ಞರೊಂದಿಗೆ ದಾಖಲೆಗಳನ್ನು ಮತ್ತೆ ಪರಿಶೀಲಿಸಿ, ಮದ್ದುಗುಂಡಿನ ಕೋಣೆಗೆ ತಾಗಿಕೊಂಡಿದ್ದ ಕಲ್ಲಿದ್ದಲಿನ ಉಗ್ರಾಣದಲ್ಲಿ ತಾನಾಗಿ ಹುಟ್ಟಿದ ಬೆಂಕಿಯೇ ಹೆಚ್ಚು ಸಂಭವ ಎಂದರು. ವಾದ ಇಂದಿಗೂ ಪೂರ್ತಿ ಮುಗಿದಿಲ್ಲ, ಆದರೆ ಆ ಕಾಲದ ಹಡಗುಗಳಲ್ಲಿ ಇಂಥ ಉಗ್ರಾಣದ ಬೆಂಕಿ ಅಪರೂಪವಾಗಿರಲಿಲ್ಲ ಎಂಬುದರಲ್ಲಿ ವಾದವಿಲ್ಲ.

ಹೊತ್ತಿಕೊಂಡ ಮೇಲೆ ಮೊದಲು ಕೈಗೆ ಬರುವುದು ನೀರಿನ ಪೈಪು. ಅದನ್ನು ಮೇಲಿನಿಂದ ಬಿಟ್ಟರೆ ನೀರು ಸುಲಭವಾದ ಸಂದಿ ಹಿಡಿದು ಹರಿದುಹೋಗುತ್ತದೆ, ಕೆಂಡ ಉಳಿಯುತ್ತದೆ. ಕೆಂಡಕ್ಕೆ ಅಲ್ಪಸ್ವಲ್ಪ ತಾಗಿದ ನೀರು ಹಬೆಯಾಗಿ, ಕೆಂಪಗೆ ಕಾದ ಇಂಗಾಲದೊಂದಿಗೆ ವರ್ತಿಸಿ ಜಲಜನಕ ಮತ್ತು ಕಾರ್ಬನ್ ಮಾನಾಕ್ಸೈಡ್ ಆಗುತ್ತದೆ. ಒಂದು ಸಿಡಿಯುವ ಅನಿಲ, ಇನ್ನೊಂದು ಕೊಲ್ಲುವ ಅನಿಲ. ಸರಿಯಾದ ದಾರಿ ಬಹಳ ಶ್ರಮದ್ದು: ಕಾದ ಭಾಗವನ್ನು ಯಂತ್ರದಿಂದ ಅಗೆದು ತೆಗೆದು, ಬೇರೆ ಜಾಗದಲ್ಲಿ ತೆಳುವಾಗಿ ಹರಡಿ, ಅಲ್ಲಿ ನೀರು ಹಾಕಿ ಆರಿಸಿ, ಉಳಿದ ರಾಶಿಯನ್ನು ತಕ್ಷಣ ತುಳಿದು ಮುಚ್ಚಬೇಕು. ನೆಲದಡಿಯ ಪದರಗಳಿಗೇ ಬೆಂಕಿ ಇಳಿದರೆ ಈ ದಾರಿಯೂ ಇಲ್ಲ. ಜಾರ್ಖಂಡಿನ ಝರಿಯಾದಲ್ಲಿ 1916ರಲ್ಲಿ ದಾಖಲಾದ ಬೆಂಕಿಯ ನಂತರ ಒಂದು ಶತಮಾನ ಕಳೆದರೂ ನೆಲ ಹೊಗೆಯಾಡುತ್ತಲೇ ಇದೆ.

ನಮ್ಮ ಭತ್ತದ, ರಾಗಿಯ ಬಣವೆಗಳು ಹೀಗೆ ಉರಿಯುವುದು ಕಡಿಮೆ. ಕಾಳು ಬಲಿತ ಮೇಲೆ ಕೊಯ್ಯುವುದರಿಂದ ಆ ಹುಲ್ಲಿನಲ್ಲಿ ಸಕ್ಕರೆ ಕಡಿಮೆ, ಸುಗ್ಗಿಯ ಬಿಸಿಲಿಗೆ ಚೆನ್ನಾಗಿ ಒಣಗಿರುತ್ತದೆ, ಬಣವೆಯೂ ಸಣ್ಣದು. ಅವಕ್ಕೆ ಬೀಳುವ ಬೆಂಕಿ ಹೆಚ್ಚಾಗಿ ವಿದ್ಯುತ್ ತಂತಿಯದು, ಬೀಡಿಯದು. ಆದರೆ ಕೊಯ್ಲಿನ ಯಂತ್ರದ ಹಿಂದೆಯೇ ಬೇಲ್ ಕಟ್ಟಿ, ಅಕಾಲ ಮಳೆಗೆ ನೆನೆದದ್ದನ್ನೂ ಸೇರಿಸಿ, ದೊಡ್ಡ ಶೆಡ್ಡಿನಲ್ಲಿ ಒತ್ತೊತ್ತಾಗಿ ತುಂಬುವ ಪದ್ಧತಿ ಈಗ ಬರುತ್ತಿದೆ. ಸಕ್ಕರೆ ಕಾರ್ಖಾನೆಗಳ ಅಂಗಳದಲ್ಲಿ ಬೆಟ್ಟದಂತೆ ಬೀಳುವ ಕಬ್ಬಿನ ಸಿಪ್ಪೆಯೂ ತೇವ, ಸಕ್ಕರೆ, ಗಾತ್ರ ಮೂರನ್ನೂ ಹೊಂದಿದೆ. ಹೀಗೆ ಒಟ್ಟುವವರು ಶೆಡ್ಡಿನ ಮೂಲೆಯಲ್ಲಿ ಮೂರು ಮೀಟರಿನ ಒಂದು ಚೂಪು ಸಲಾಕೆಯನ್ನು ಇಟ್ಟುಕೊಂಡು, ಮೊದಲ ಆರು ವಾರ ದಿನಕ್ಕೊಮ್ಮೆ ಚುಚ್ಚಿ ಮುಟ್ಟಿ ನೋಡಬೇಕು.